ಕೇಳಿದ್ದು ಆರ್ಕ್‌ಜಿಐಎಸ್, ಗೊತ್ತಿರೋದು ಕ್ಯೂಜಿಐಎಸ್

ಹೊಸಪೇಟೆಯ ಒಂದು ಸರ್ವೆ ಕಚೇರಿಯಲ್ಲಿ ನಾನು ನಕ್ಷೆ ವಿಭಾಗ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಬರುವ ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವುದೂ ನನ್ನ ಪಾಲಿಗೇ ಬಂದಿದೆ. ಕಳೆದ ಸಲದ ಜಾಹೀರಾತಿನಲ್ಲಿ ‘ಆರ್ಕ್‌ಜಿಐಎಸ್ ಪ್ರೊದಲ್ಲಿ ಎರಡು ವರ್ಷ ಅನುಭವ’ ಅಂತ ಹಾಕಿದ್ದೆವು. ಕಂಪ್ಲಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು: “ಅಕ್ಕಾ, ನಾನು ಎರಡು ವರ್ಷ ಮಾಡಿರೋದು ಕ್ಯೂಜಿಐಎಸ್‌ನಲ್ಲಿ. ಅರ್ಜಿ ಹಾಕ್ಲೋ ಬ್ಯಾಡೋ?”

ಎರಡೂ ನಕ್ಷೆ ಮಾಡುವ ಸಾಫ್ಟ್‌ವೇರ್‌ಗಳೇ. ಒಂದು ಅಮೆರಿಕದ ಎಸ್ರಿ ಕಂಪನಿಯದು, ಲೈಸೆನ್ಸ್‌ಗೆ ದುಡ್ಡು ಕಟ್ಟಬೇಕು. ಇನ್ನೊಂದು ಮುಕ್ತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಂಥ ಪ್ರಶ್ನೆ ಬಂದಾಗ ನಾನು ಸಾಫ್ಟ್‌ವೇರ್ ಹೆಸರನ್ನು ಬದಿಗಿಟ್ಟು, ಜಾಹೀರಾತಿನಲ್ಲಿ ಬರೆದಿರುವ ಕೆಲಸಗಳನ್ನು ಒಂದೊಂದಾಗಿ ನೋಡುತ್ತೇನೆ.

ನಮ್ಮಲ್ಲಿ ಇದ್ದವು ಮೂರು. ಸಂಡೂರಿನ ಗಣಿ ಗುತ್ತಿಗೆಯ ಗಡಿಕಲ್ಲುಗಳ ಡಿಜಿಪಿಎಸ್ ಬಿಂದುಗಳನ್ನು ನಕ್ಷೆಗೆ ತರುವುದು. ಹಳೆಯ ಟೋಪೋಶೀಟ್ ಮತ್ತು ಊರ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಭೂಮಿಯ ಮೇಲಿನ ಸರಿಯಾದ ಜಾಗಕ್ಕೆ ಕೂರಿಸಿ, ಅರಣ್ಯದ ಗಡಿಯ ಜೊತೆ ಹೋಲಿಸುವುದು. ಕೊನೆಯದು, ಕಚೇರಿಯ ಸರ್ವರ್‌ನಲ್ಲಿರುವ ಒಂದೇ ನಕ್ಷೆಯನ್ನು ನಾಲ್ಕು ಜನ ಏಕಕಾಲಕ್ಕೆ ತಿದ್ದುವುದು.

ಮೊದಲೆರಡು ಕೆಲಸದಲ್ಲಿ ತಪ್ಪಾದರೆ ಅದು ಸಣ್ಣದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಗುತ್ತಿಗೆಗಳ ಗಡಿಯನ್ನು ಹೊಸದಾಗಿ ಅಳೆಯಬೇಕಾಯಿತು. ಗೆರೆ ಅತ್ತಿತ್ತ ಆದರೆ ಗಣಿಯ ಹಣೆಬರಹವೇ ಬದಲಾಗುವ ಊರು ಇದು. ಹಾಗಾಗಿ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: “ಹಳೇ ಟೋಪೋಶೀಟ್ ಮೇಲೆ ಡಿಜಿಪಿಎಸ್ ಬಿಂದು ಹಾಕಿದ್ರಿ. ನೂರೈವತ್ತು ಮೀಟರ್‌ಗೂ ಜಾಸ್ತಿ ದೂರ ಬಿದ್ದಿವೆ. ಏನು ನೋಡ್ತೀರಿ?”

ಆಕೆ ತಿರುಗಿ ಕೇಳಿದಳು: “ಎಲ್ಲಾ ಬಿಂದುನೂ ಒಂದೇ ದಿಕ್ಕಿಗೆ, ಅಷ್ಟೇ ದೂರ ಸರಿದಾವೇನಕ್ಕಾ?”

ನನಗೆ ಬೇಕಿದ್ದದ್ದು ಆ ಪ್ರಶ್ನೆಯೇ. ಎಲ್ಲವೂ ಒಂದೇ ಸಮ ಸರಿದಿದ್ದರೆ ದೋಷ ಡೇಟಮ್‌ನದು. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ‘ಎವರೆಸ್ಟ್’ ಎಂಬ ಲೆಕ್ಕ ಹಿಡಿದಿವೆ, ಜಿಪಿಎಸ್ ಹಿಡಿಯುವುದು WGS 84. ನಮ್ಮ ಭಾಗದಲ್ಲಿ ಇವೆರಡರ ನಡುವಿನ ಅಂತರ ನೂರು ಮೀಟರ್‌ಗಿಂತ ಹೆಚ್ಚು. ಒಂದು ಮೂಲೆಯಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಅಂತ ಸರಿದಿದ್ದರೆ, ಹಾಳೆ ಕೂರಿಸುವಾಗ ಗುರುತಿಸಿದ ಬಿಂದುಗಳೇ ತಪ್ಪಿವೆ.

ಮುಂದೆ ಇನ್ನೊಂದು ಪ್ರಶ್ನೆ ಕೇಳಿದೆ. ಪದರವೊಂದಕ್ಕೆ ತಪ್ಪು ನಿರ್ದೇಶಾಂಕ ಪದ್ಧತಿಯ ಹೆಸರು ಅಂಟಿದೆ ಅಂದುಕೊಳ್ಳಿ. ಆಗ ಬರೀ ಚೀಟಿ ಬದಲಾಯಿಸಬೇಕು. ಚೀಟಿ ಸರಿ ಇದ್ದು ನಮಗೆ ಹಂಪಿ-ಸಂಡೂರಿಗೆ ಹೊಂದುವ EPSG:32643ರಲ್ಲಿ ಬೇಕಿದ್ದರೆ, ಅಂಕಿಗಳನ್ನೇ ಹೊಸದಾಗಿ ಲೆಕ್ಕ ಹಾಕಿಸಬೇಕು. ಆರ್ಕ್‌ಜಿಐಎಸ್‌ನಲ್ಲಿ ಮೊದಲನೆಯದು `Define Projection`, ಎರಡನೆಯದು `Project`. ಕ್ಯೂಜಿಐಎಸ್‌ನಲ್ಲಿ `Set Layer CRS` ಮತ್ತು `Reproject Layer`. ಈ ವ್ಯತ್ಯಾಸ ಗೊತ್ತಿಲ್ಲದವರು ಐದು ವರ್ಷ ಆರ್ಕ್‌ಜಿಐಎಸ್ ಬಳಸಿದ್ದರೂ ನಕ್ಷೆಯನ್ನು ಕೆಡಿಸುತ್ತಾರೆ. ಗೊತ್ತಿದ್ದವರಿಗೆ ಬಟನ್ ಎಲ್ಲಿದೆ ಅಂತ ಹುಡುಕೋದಕ್ಕೆ ಒಂದು ವಾರ ಸಾಕು. ಈ ಎರಡು ಕೆಲಸಕ್ಕೆ ಆಕೆಯ ಅನುಭವವನ್ನು ಪೂರ್ತಿ ಒಪ್ಪಿಕೊಂಡೆ.

ಮೂರನೆಯದರಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮದೇ ‘ವರ್ಷನ್’ನಲ್ಲಿ ತಿದ್ದಿ, ಕೊನೆಗೆ ಮೂಲಕ್ಕೆ ಸೇರಿಸಬೇಕು. ಇಬ್ಬರು ಒಂದೇ ಗಡಿಯನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ ಯಾವುದನ್ನು ಉಳಿಸೋದು ಅಂತ ತೀರ್ಮಾನಿಸಬೇಕು. ಇದು ಎಸ್ರಿಯ ಸರ್ವರ್ ವ್ಯವಸ್ಥೆಗೇ ಅಂಟಿಕೊಂಡ ಕೆಲಸ. ಕ್ಯೂಜಿಐಎಸ್ ಜೊತೆ ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಲ್ಲಿ ನಾಲ್ಕು ಜನರೊಂದಿಗೆ ದುಡಿದಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ. ಆಕೆ ಹೇಳಿದ್ದು, “ಇಲ್ಲಕ್ಕಾ, ಫೈಲ್ ಪೆನ್‌ಡ್ರೈವ್‌ನಾಗೆ ಕೊಡ್ತಿದ್ವಿ.” ಅಂದರೆ ಇದು ಹೊಸದಾಗಿ ಕಲಿಯಬೇಕಾದ್ದು.

ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವವರು ಬೇರೆ ಇದ್ದಾರೆ, ಈ ಹುದ್ದೆಯ ದಿನದ ಹೆಚ್ಚಿನ ಪಾಲು ಮೊದಲೆರಡು ಕೆಲಸವೇ. ಹಾಗಾಗಿ ಹಾಕು ಅಂದೆ. ಸರ್ವರ್ ಕೆಲಸವೇ ಮುಖ್ಯವಾಗಿದ್ದರೆ ಬೇಡ ಅನ್ನುತ್ತಿದ್ದೆ. ಟೆಂಡರ್ ಷರತ್ತಿನಲ್ಲೇ ಆರ್ಕ್‌ಜಿಐಎಸ್ ಅನುಭವದ ಪತ್ರ ಕೇಳಿದ್ದರೂ ಬೇಡವೇ. ಅಲ್ಲಿ ನಮ್ಮ ಮಾತು ನಡೆಯೋದಿಲ್ಲ.

ರೆಸ್ಯೂಮೆಯಲ್ಲಿ ಏನು ಬರೀಲಿ ಅಂತ ಕೇಳಿದಳು. ‘ಆರ್ಕ್‌ಜಿಐಎಸ್ ಎರಡು ವರ್ಷ’ ಅಂತ ಬರೆದರೆ ಮೊದಲ ದಿನವೇ ಸಿಕ್ಕಿಬೀಳುತ್ತೀರಿ. ಬರೀ ‘ಜಿಐಎಸ್’ ಅಂದರೆ ಜರಡಿಯಲ್ಲೇ ಉದುರಿ ಹೋಗುತ್ತೀರಿ. ನಾನು ಹೇಳಿದ್ದು ಇದು: “ಕ್ಯೂಜಿಐಎಸ್, 2 ವರ್ಷ: ಊರ ನಕ್ಷೆ ಜಿಯೊರೆಫರೆನ್ಸಿಂಗ್, ಡೇಟಮ್ ಬದಲಾವಣೆ, ಗಡಿ ಹೋಲಿಕೆ. ಆರ್ಕ್‌ಜಿಐಎಸ್ ಪ್ರೊ: ಇದೇ ಕೆಲಸಗಳನ್ನು ಟ್ರಯಲ್ ಆವೃತ್ತಿಯಲ್ಲಿ ಮಾಡಿ ನೋಡಿದ್ದೇನೆ.” ಎರಡನೇ ವಾಕ್ಯವನ್ನು ನಿಜವಾಗಿಯೂ ಮಾಡಿ ನೋಡಿದ ಮೇಲೆಯೇ ಬರೆಯಬೇಕು ಅಂತಲೂ ಸೇರಿಸಿದೆ.