ಹಂಡೆಯ ಕೊರಳಿಗೆ ಬಳ್ಳಿ

ದೀಪಾವಳಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ತ್ರಯೋದಶಿಯ ರಾತ್ರಿ, ನೀರು ತುಂಬುವ ಹಬ್ಬ. ಪಟಾಕಿ, ಹೋಳಿಗೆ ಎಲ್ಲ ಆಮೇಲಿನ ಮಾತು. ಮಲೆನಾಡಿನವರ ಹಬ್ಬ ಶುರುವಾಗುವುದೇ ಬಚ್ಚಲಿನಿಂದ. ಭದ್ರಾವತಿ ಹಳೇನಗರದ ನಮ್ಮ ಮನೆಯಲ್ಲಿ ಇನ್ನೂ ಒಲೆ ಮೇಲಿನ ತಾಮ್ರದ ಹಂಡೆ ಉಳಿದಿದೆ. ಅದನ್ನು ಸಿಂಗರಿಸಲೆಂದೇ ಮೊಮ್ಮಗಳು ಶಿವಮೊಗ್ಗದಿಂದ ಒಂದು ದಿನ ಮೊದಲೇ ಬರುತ್ತಾಳೆ.

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಕೆಲಸ ಅವಳದು. ತಳದ ಮಸಿಯ ತಂಟೆಗೆ ನಾವು ಹೋಗುವುದಿಲ್ಲ. ಅದು ಒಲೆಯೊಳಗೇ ಇರುತ್ತದೆ, ಯಾರು ನೋಡಬೇಕು! ಕೊರಳು, ಹೆಗಲು ಹೊಳೆದರೆ ಸಾಕು.

ಕೆಮ್ಮಣ್ಣು, ಶೇಡಿ ಎರಡನ್ನೂ ಹಿಂದಿನ ದಿನವೇ ನೆನೆಹಾಕಿರುತ್ತೇನೆ. ಕಲಕಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ರಾಡಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ಅದು ತಿಳಿಯಾದ ಮೇಲೆ ನೀರು ಚೆಲ್ಲಿದರೆ ಉಳಿಯುವ ನುಣ್ಣನೆಯ ಮಣ್ಣೇ ಬಣ್ಣ. ಗಟ್ಟಿಯಾದರೆ ಒಣಗಿ ಹಕ್ಕಳೆ ಏಳುತ್ತದೆ, ನೀರಾದರೆ ಹಂಡೆಯ ಹೆಗಲಿನಿಂದ ಇಳಿದುಹೋಗುತ್ತದೆ. ಮಜ್ಜಿಗೆಗಿಂತ ಮಂದ ಇರಬೇಕು. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. 1923ರಲ್ಲಿ ಶುರುವಾದ ನಮ್ಮೂರಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದೂ ಕೆಮ್ಮಣ್ಣುಗುಂಡಿಯಿಂದಲೇ.

ಮೊದಲು ಕೊರಳ ಸುತ್ತ ಕೆಮ್ಮಣ್ಣಿನ ಪಟ್ಟೆ. ಅದು ಒಣಗಿದ ಮೇಲೆ ಅದರ ಮೇಲೆ ಶೇಡಿಯ ಗೆರೆ. ಕುಂಚ ಬೇಡ. ಹಳೇ ಪಂಚೆಯ ಚೂರನ್ನು ಶೇಡಿಯಲ್ಲಿ ಅದ್ದಿ, ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದರೆ ಉಂಗುರ ಬೆರಳಿನ ತುದಿಗೆ ಹನಿ ಇಳಿಯುತ್ತದೆ; ಬೆರಳು ಎಳೆದತ್ತ ಗೆರೆ.

“ಅಜ್ಜಿ, ಏನೂ ಕಾಣ್ತಾನೇ ಇಲ್ಲ!” ಎಂದಳು ಮೊಮ್ಮಗಳು ಒಮ್ಮೆ.

“ಕಾಣಲ್ಲ ಕಣೇ. ಎಳೆದದ್ದರ ಮೇಲೆ ಮತ್ತೆ ಎಳೀಬೇಡ, ತಡ್ಕೋ.”

ಶೇಡಿಯ ಗುಣವೇ ಅದು. ಹಸಿಯಿದ್ದಾಗ ಮಂಕು ನೀರು, ಒಣಗುತ್ತ ಬಂದಂತೆ ಬಿಳುಪು. ಕಾಣಲಿಲ್ಲವೆಂದು ಇನ್ನೊಂದು ಸಲ ತೀಡಿದರೆ ಗೆರೆ ದಪ್ಪವಾಗಿ ಅಂಚು ಒಡೆಯುತ್ತದೆ. ಅವಳು ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದಳು. ಪಟ್ಟೆಯ ಒಂದು ತುದಿಯಿಂದ ಬೆಳ್ಳಗಾಗತೊಡಗಿದಾಗ, “ಬಂತು, ಬಂತು!” ಎಂದು ಮನೆಯವರನ್ನೆಲ್ಲ ಬಚ್ಚಲಿಗೆ ಕರೆದಳು.

ಹೊಸ್ತಿಲಿಗೂ ಜಗಲಿಯ ಅಂಚಿಗೂ ಇದೇ ಕೆಮ್ಮಣ್ಣು, ಇದೇ ಶೇಡಿ. ಅಲ್ಲಿ ಅವಳ ಇಷ್ಟ. ನವಿಲಿನ ಕಾಲು ಮೂರಾದರೂ ನಾನು ಕೇಳುವುದಿಲ್ಲ.

ಕೊನೆಗೆ ಹಿಂಡ್ಲೆ ಬಳ್ಳಿ. ಬೇಲಿಯಲ್ಲಿ ಹಬ್ಬುವ ಕಾಡುಬಳ್ಳಿ. ಕಾಯಿ ಗೋಲಿಯಷ್ಟು, ಹಸಿರು ಮೈಮೇಲೆ ಬಿಳಿ ಗೀರು. ಹಣ್ಣಾಗಿ ಕೆಂಪಾದವನ್ನು ಕಿತ್ತುಬಿಡುತ್ತೇವೆ, ಮುಟ್ಟಿದರೆ ಒಡೆಯುತ್ತವೆ. ಬಳ್ಳಿಯನ್ನು ಹಂಡೆಯ ಕೊರಳಿಗೆ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಆಮೇಲೆ ನೀರು ತುಂಬುವುದು. ಗೆರೆ ಒಣಗುವ ಮುಂಚೆ ತುಂಬಹೊರಟರೆ ತುಳುಕಿದ ಒಂದು ಚೊಂಬು ನೀರಿಗೆ ಎಲ್ಲ ತೊಳೆದುಹೋಗುತ್ತದೆ. ಬೆಳಗಿನ ಜಾವ ಎಣ್ಣೆಸ್ನಾನಕ್ಕೆ ಇದೇ ನೀರು.

ಶೇಡಿ ಸಿಗದವರು ಸುಣ್ಣ ಬಳಸಿ, ಅಡ್ಡಿಯಿಲ್ಲ. ಎಣ್ಣೆಬಣ್ಣ ಮಾತ್ರ ಬೇಡ: ಒಲೆಯ ಬಿಸಿಗೆ ನಾರುತ್ತದೆ, ಮುಂದಿನ ವರ್ಷ ಹುಣಸೆಹಣ್ಣಿಗೂ ಬಗ್ಗುವುದಿಲ್ಲ.