ಲಾಗ್‌ನಲ್ಲಿ ಉಳಿದದ್ದು 180 ಗಂಟೆ

ಐದು ದಿನದ ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾದ ಸುದ್ದಿ ಬಂದ ಸಂಜೆಯೇ ನಾನು ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ‘ಐಎಸ್‌ಒ 27001 ಲೀಡ್ ಆಡಿಟರ್’ ಅಂತ ಹಾಕಿಕೊಂಡೆ. ರಾತ್ರಿ ಮಲಗೋ ಹೊತ್ತಿಗೆ ಅರವತ್ತು ಲೈಕ್ ಬಂದಿತ್ತು. ಮಾರನೇ ದಿನ ಕ್ಯಾಂಟೀನಿನಲ್ಲಿ ನಮ್ಮ ಕಂಪನಿಯ ವೆಂಡರ್ ಆಡಿಟ್ ತಂಡ ನಡೆಸೋ ಮೇಡಂ ಸಿಕ್ಕರು. “ಕಂಗ್ರಾಟ್ಸ್. ಲಾಗ್ ಎಲ್ಲಿ?” ಅಂದರು.

ಯಾವ ಲಾಗ್ ಅಂತ ಕೇಳಿದೆ. ಅವರು ನಕ್ಕರು.

ವಿಷಯ ಇಷ್ಟೇ. ಕೋರ್ಸಿನ ಕೊನೆಗೆ ಸಿಗೋದು ಪರೀಕ್ಷೆ ಪಾಸಾದ ಪತ್ರ. ಲೀಡ್ ಆಡಿಟರ್ ಅನ್ನೋ ವೈಯಕ್ತಿಕ ಪ್ರಮಾಣಪತ್ರಕ್ಕೆ ಬೇರೆ ಅರ್ಜಿ ಹಾಕಬೇಕು. ನಾನು ಬರೆದದ್ದು ಪಿಇಸಿಬಿ ಅನ್ನೋ ಸಂಸ್ಥೆಯ ಪರೀಕ್ಷೆ. ಅವರಲ್ಲಿ ಪರೀಕ್ಷೆ ಎಲ್ಲರಿಗೂ ಒಂದೇ, ಮೆಟ್ಟಿಲು ಮಾತ್ರ ಬೇರೆ ಬೇರೆ. ಅನುಭವ ಏನೂ ಇಲ್ಲದಿದ್ದರೆ ಪ್ರೊವಿಷನಲ್ ಆಡಿಟರ್. ಎರಡು ವರ್ಷದ ಕೆಲಸ, ಅದರಲ್ಲಿ ಒಂದು ವರ್ಷ ಮಾಹಿತಿ ಭದ್ರತೆಯಲ್ಲಿ, ಜೊತೆಗೆ 200 ಗಂಟೆ ಆಡಿಟ್ ಇದ್ದರೆ ಆಡಿಟರ್. ಲೀಡ್ ಆಡಿಟರ್ ಆಗೋಕೆ ಐದು ವರ್ಷದ ಕೆಲಸ, ಅದರಲ್ಲಿ ಎರಡು ವರ್ಷ ಮಾಹಿತಿ ಭದ್ರತೆಯಲ್ಲಿ, ಮತ್ತೆ 300 ಗಂಟೆ ಆಡಿಟ್. ಬೇರೆ ಸಂಸ್ಥೆಗಳ ಲೆಕ್ಕ ಬೇರೆ ಇರುತ್ತೆ. ಗಂಟೆಯ ಬದಲು ಎಷ್ಟು ಪೂರ್ಣ ಆಡಿಟ್, ಎಷ್ಟು ದಿನ ಅಂತ ಕೇಳುವವರೂ ಇದ್ದಾರೆ. ಆದರೆ ಪಿಇಸಿಬಿಯವರು ಲಾಗ್ ಕೇಳದೆ ‘ಲೀಡ್’ ಅನ್ನೋ ಪದ ಕೊಡೋದಿಲ್ಲ.

ವರ್ಷಗಳ ಲೆಕ್ಕ ನನಗೆ ಸುಲಭವಾಗಿ ಕೂಡಿಬಂತು. ಪೀಣ್ಯದ ಮಷೀನ್ ಶಾಪ್ ಒಂದರಲ್ಲಿ ನಾಲ್ಕು ವರ್ಷ ಕ್ವಾಲಿಟಿ ನೋಡಿಕೊಂಡಿದ್ದೆ, ಐಎಸ್‌ಒ 9001 ಅಲ್ಲೇ ಕಲಿತದ್ದು. ಆಮೇಲೆ ಈ ಸಾಫ್ಟ್‌ವೇರ್ ಕಂಪನಿಯ ಮಾಹಿತಿ ಭದ್ರತಾ ತಂಡದಲ್ಲಿ ಎರಡು ವರ್ಷ ಮೂರು ತಿಂಗಳು. ಗಂಟೆಗಳೂ ಇವೆ ಅಂದುಕೊಂಡೆ. ಎರಡು ರಾತ್ರಿ ಕೂತು ಹಳೇ ಕ್ಯಾಲೆಂಡರ್ ಕೆದಕಿ ಎಕ್ಸೆಲ್ ಶೀಟ್ ತುಂಬಿಸಿದೆ. ಒಟ್ಟು 340 ಗಂಟೆ! ಖುಷಿಯಿಂದ ಮೇಡಂಗೆ ಕಳಿಸಿದೆ.

ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಕೇಳಿದರು.

“ಈ 96 ಗಂಟೆ ಏನು?” ಇಬ್ಬರು ಕ್ಲೈಂಟ್‌ಗಳನ್ನು ಸರ್ಟಿಫಿಕೇಷನ್‌ಗೆ ತಯಾರು ಮಾಡಿದ್ದು, ಅವರ ಪಾಲಿಸಿ, ರಿಸ್ಕ್ ರಿಜಿಸ್ಟರ್ ಎಲ್ಲ ನಾವೇ ಬರೆದುಕೊಟ್ಟದ್ದು ಅಂದೆ. “ಅದು ಕಟ್ಟೋ ಕೆಲಸ ಕಣಪ್ಪ, ತಪಾಸಣೆ ಅಲ್ಲ. ಇಂಪ್ಲಿಮೆಂಟರ್ ಸರ್ಟಿಫಿಕೇಟ್ ತಗೊಳ್ಳೋವಾಗ ಹಾಕ್ಕೋ.” ಹೋಯಿತು.

“ಈ 40?” ಇಂಟರ್ನಲ್ ಆಡಿಟ್ ಅಂದೆ. “ಯಾವ ವಿಭಾಗ?” ನನ್ನದೇ. ಆ ಬ್ಯಾಕಪ್ ರಿಜಿಸ್ಟರ್ ಬರೆದವನೂ ನಾನೇ, ಪರೀಕ್ಷಿಸಿ ಸಹಿ ಹಾಕಿದವನೂ ನಾನೇ. ಅವರು ಏನೂ ಹೇಳಲಿಲ್ಲ, ಸಾಲನ್ನು ಕೆಂಪು ಮಾಡಿದರು. ಬೇರೆ ವಿಭಾಗಗಳಲ್ಲಿ ಮಾಡಿದ ಇಂಟರ್ನಲ್ ಆಡಿಟ್‌ಗಳನ್ನು ಮಾತ್ರ ಉಳಿಸಿದರು. ಕೊನೆಗೆ 24 ಗಂಟೆ, ಹುಬ್ಬಳ್ಳಿಗೆ ಹೋಗಿ ಬಂದ ಪ್ರಯಾಣ. ಬಸ್ಸಿನಲ್ಲಿ ಕೂತದ್ದು ಆಡಿಟ್ ಹೇಗಾಗುತ್ತೆ? ಅದೂ ಹೋಯಿತು.

ಉಳಿದದ್ದು 180. ಲೀಡ್ ಇರಲಿ, ಬರೀ ಆಡಿಟರ್ ಮೆಟ್ಟಿಲಿಗೂ ಇಪ್ಪತ್ತು ಗಂಟೆ ಕಮ್ಮಿ.

ಆ ವಾರ ಒಬ್ಬ ಹಳೇ ಗೆಳೆಯ ಫೋನ್ ಮಾಡಿದ. ಅವನದ್ದು ಸಣ್ಣ ಕನ್ಸಲ್ಟಿಂಗ್ ವ್ಯವಹಾರ. “120 ಗಂಟೆ ತಾನೇ? ನಮ್ಮ ಕ್ಲೈಂಟ್ ಹೆಸರು ಹಾಕ್ಕೋ ಮಗಾ, ನಾನು ಸಹಿ ಹಾಕ್ತೀನಿ. ಯಾರ್ ನೋಡ್ತಾರೆ?” ಸುಳ್ಳು ಯಾಕೆ ಹೇಳಲಿ, ಒಂದು ರಾತ್ರಿ ಯೋಚನೆ ಮಾಡಿದೆ. ಹೊಸ ಕೆಲಸವೊಂದರ ಇಂಟರ್‌ವ್ಯೂ ಎದುರಿಗಿತ್ತು, ಅಲ್ಲಿ ಈ ಪ್ರಮಾಣಪತ್ರ ಕೇಳಿದ್ದರು. ಲಾಗ್‌ನ ಪ್ರತಿ ಸಾಲಿಗೂ ಸಂಸ್ಥೆ, ದಿನಾಂಕ, ವ್ಯಾಪ್ತಿ, ನನ್ನ ಪಾತ್ರ ಎಲ್ಲ ಬರೆಯಬೇಕು. ರೆಫರೆನ್ಸ್ ಕೊಟ್ಟವರಿಗೆ ಬರೆದು ಕೇಳಲೂಬಹುದು. ಸಿಕ್ಕಿಬೀಳೋ ಭಯ ಇದ್ದೇ ಇತ್ತು. ಆದರೆ ಅದಕ್ಕಿಂತ ಬೇರೆ ಭಯ ದೊಡ್ಡದಾಗಿತ್ತು. ಅರ್ಜಿ ಪಾಸಾಗಿ, ನಾಳೆ ಮೂರು ಜನರ ತಂಡ ಕೊಟ್ಟು ‘ನಡೆಸಿ’ ಅಂದರೆ ಏನು ಮಾಡಲಿ? ಬೇಡ ಅಂದೆ. ಆ ಕೆಲಸ ಬೇರೆಯವರಿಗೆ ಹೋಯಿತು.

ಲಿಂಕ್ಡ್‌ಇನ್‌ನಲ್ಲಿ ಸಾಲು ತಿದ್ದಿದೆ. ‘ಪ್ರೊವಿಷನಲ್ ಆಡಿಟರ್’ ಮಟ್ಟಕ್ಕೆ ಅರ್ಜಿ ಹಾಕಿ, ಮೇಡಂ ಬಳಿ ಹೋಗಿ ನಿಮ್ಮ ವೆಂಡರ್ ಆಡಿಟ್‌ಗಳಿಗೆ ನನ್ನನ್ನೂ ಕರ್ಕೊಂಡು ಹೋಗಿ ಅಂತ ಕೇಳಿಕೊಂಡೆ. ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಲಾಗ್ ತುಂಬಿಸಲು ಇದೇ ಹತ್ತಿರದ ದಾರಿ. ನಮ್ಮ ಡೇಟಾ ಇಟ್ಟುಕೊಂಡಿರೋ ವೆಂಡರ್‌ನ ಆಫೀಸಿಗೆ ಹೋಗಿ ತಪಾಸಣೆ ಮಾಡುವುದಕ್ಕೆ ಸೆಕೆಂಡ್ ಪಾರ್ಟಿ ಆಡಿಟ್ ಅಂತಾರೆ. ಅದೂ ಲಾಗ್‌ಗೆ ಸೇರುತ್ತೆ.

ಮೊದಲನೆಯದು ಮೈಸೂರಿನ ಒಂದು ಕಾಲ್ ಸೆಂಟರ್. ಕೆಲಸ ಬಿಟ್ಟವರ ಲಾಗಿನ್ ತೆಗೆದಿದ್ದಾರಾ ಅಂತ ನೋಡೋದು ನನ್ನ ಪಾಲು. ಅಲ್ಲಿನ ಮ್ಯಾನೇಜರ್ ಹತ್ತು ಹೆಸರಿನ ಫೈಲ್ ಸಿದ್ಧ ಮಾಡಿ ಇಟ್ಟಿದ್ದರು. ನಾನು ಕೈ ಚಾಚಿದೆ. ಮೇಡಂ ಮೆಲ್ಲಗೆ, “ಸ್ಯಾಂಪಲ್ ನೀನು ಆರಿಸು, ಅವರಲ್ಲ” ಅಂದರು. ಆರು ತಿಂಗಳಲ್ಲಿ ಬಿಟ್ಟವರ ಪಟ್ಟಿಯನ್ನು ಎಚ್‌ಆರ್‌ನಿಂದ, ಆ ದಿನ ಚಾಲೂ ಇದ್ದ ವಿಪಿಎನ್ ಖಾತೆಗಳ ಪಟ್ಟಿಯನ್ನು ಐಟಿಯಿಂದ ತರಿಸಿ, ನಾನೇ ಹತ್ತು ಹೆಸರು ಆರಿಸಿದೆ. ಒಂದು ಖಾತೆ ಇನ್ನೂ ಜೀವಂತವಾಗಿತ್ತು, ಆತ ಬಿಟ್ಟು ಮೂರು ತಿಂಗಳಾಗಿತ್ತು.

ನಾನಾಗಿದ್ದರೆ ಅಲ್ಲಿಗೇ ಬರೆದು ಮುಗಿಸುತ್ತಿದ್ದೆ. ಮೇಡಂ ಇನ್ನೂ ಹತ್ತು ನೋಡು ಅಂದರು. ಮತ್ತೆರಡು ಸಿಕ್ಕವು. ಮೂರೂ ಏಜೆನ್ಸಿ ಮೂಲಕ ಬಂದ ಕಾಂಟ್ರಾಕ್ಟ್ ನೌಕರರದ್ದು. ಅವರು ಬಿಟ್ಟರೆ ಐಟಿಗೆ ಟಿಕೆಟ್ ಹೋಗೋದೇ ಇಲ್ಲ. ಎಚ್‌ಆರ್ ಪಟ್ಟಿಯಲ್ಲಿ ಹೆಸರು ಬರೋದು ತಿಂಗಳ ಕೊನೆಗೆ, ಏಜೆನ್ಸಿಯ ಬಿಲ್ ಜೊತೆ. ಒಂದು ಖಾತೆ ಅಂದಾಗ ಯಾರೋ ಮರೆತರು ಅಂತ ಕಾಣಿಸಿದ್ದು, ಮೂರಾದಾಗ ದಾರಿಯೇ ಮುರಿದಿದೆ ಅಂತ ಗೊತ್ತಾಯಿತು.

ಆಮೇಲೆ ಅದನ್ನು ಬರೆಯೋದು. ‘ಲಾಗಿನ್‌ಗಳನ್ನು ಸಮಯಕ್ಕೆ ಸರಿಯಾಗಿ ತೆಗೆಯುತ್ತಿಲ್ಲ’ ಅಂತ ಬರೆದುಕೊಟ್ಟೆ. ವಾಪಸ್ ಬಂತು. ಏನಿರಬೇಕಿತ್ತು ಅನ್ನೋದೇ ಇಲ್ಲ ಅಂದರು. 27001ರ 2022ರ ಆವೃತ್ತಿಯ ಎ.5.18 ಪ್ರಕಾರ ಪ್ರವೇಶದ ಹಕ್ಕನ್ನು ಅವರದೇ ಪಾಲಿಸಿಯಂತೆ ತೆಗೆಯಬೇಕು, ಅವರ ಪಾಲಿಸಿ 24 ಗಂಟೆ ಅನ್ನುತ್ತೆ. ಅದನ್ನು ಸೇರಿಸಿದೆ. ಮತ್ತೆ ವಾಪಸ್. ಪುರಾವೆ ಎಲ್ಲಿ? ಮೂರೂ ನೌಕರರ ಸಂಖ್ಯೆ, ಬಿಟ್ಟ ದಿನ, ನಾವು ಪಟ್ಟಿ ನೋಡಿದ ದಿನ ಬರೆದೆ. ಮೂರನೇ ಸಲವೂ ವಾಪಸ್. ‘ಎಚ್‌ಆರ್‌ನ ನಿರ್ಲಕ್ಷ್ಯದಿಂದ’ ಅಂತ ಒಂದು ಮಾತು ಸೇರಿಸಿಬಿಟ್ಟಿದ್ದೆ. “ಯಾರ ತಪ್ಪು, ಯಾಕೆ ಆಯ್ತು ಅಂತ ಹುಡುಕೋದು ಅವರ ಕೆಲಸ. ನೀನು ಕಂಡದ್ದು ಬರಿ” ಅಂದರು.

ಆ ಒಂದು ಆಡಿಟ್ ಲಾಗ್‌ನಲ್ಲಿ 34 ಗಂಟೆ ಆಯಿತು. ಸ್ಥಳದಲ್ಲಿ ಮೂರು ದಿನ, ಅಂದರೆ 24 ಗಂಟೆ. ಹೋಗೋ ಮುಂಚೆ ಅವರ ದಾಖಲೆ ಓದಿದ್ದು ಆರು, ವರದಿ ಬರೆದದ್ದು ನಾಲ್ಕು. ತಯಾರಿಗೂ ವರದಿಗೂ ಗಂಟೆ ಸಿಗುತ್ತೆ ಅಂತ ಮೊದಲು ನನಗೆ ಗೊತ್ತೇ ಇರಲಿಲ್ಲ. ಹಳೇ ಕ್ಯಾಲೆಂಡರ್ ನೋಡಿ ತುಂಬಿಸೋ ಬದಲು ಅವತ್ತೇ ರಾತ್ರಿ ಲಾಡ್ಜಿನಲ್ಲಿ ಕೂತು ಸಾಲು ಬರೆದೆ. ಮುಂದಿನ ಮೂರು ಆಡಿಟ್‌ಗಳು 30, 28, 32 ಗಂಟೆ. ಕೊನೆಯದರಲ್ಲಿ ತಂಡ ನಡೆಸಿದ್ದು ನಾನು, ಮೇಡಂ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಅಲ್ಲಿಗೆ ಒಟ್ಟು 304. ಹದಿನಾಲ್ಕು ತಿಂಗಳು ಹಿಡಿಯಿತು.

ಅರ್ಜಿ ಹಾಕಿ, ರೆಫರೆನ್ಸ್ ಅಂತ ಅವರ ಹೆಸರು ಕೊಟ್ಟೆ. ಒಂದು ದಿನ ಕ್ಯಾಂಟೀನಿನಲ್ಲಿ ಮತ್ತೆ ಸಿಕ್ಕರು. “ನಿನ್ನ ಬಗ್ಗೆ ಮೇಲ್ ಬಂದಿದೆ. ಮೈಸೂರಿನ ವರದಿ ಮೂರು ಸಲ ತಿದ್ದಿಸಿದೆ, ಅದನ್ನೂ ಬರೀಲಾ?”

ಬರೀರಿ ಮೇಡಂ ಅಂದೆ.