ಹತ್ತು ರೂಪಾಯಿ ತಂದ ತಿರುವು

ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿ ನಡೆಯುವಾಗ ಕಣ್ಣು ಮೊದಲು ಹೋಗುವುದು ಚಿನ್ನದ ದರದ ಬೋರ್ಡಿಗೆ. ಇವತ್ತು ಗ್ರಾಮಿಗೆ ನಲವತ್ತು ಏರಿದೆ, ನಾಳೆ ಇಪ್ಪತ್ತು ಇಳಿಯುತ್ತದೆ. ಇದರಲ್ಲಿ ನಿಜವಾದ ತಿರುವು ಯಾವುದು, ಬರೀ ಗದ್ದಲ ಯಾವುದು? ಇದನ್ನೇ ಬೇರ್ಪಡಿಸಲು ಜಪಾನಿನವರ ಬಳಿ ಕಾಗಿ ಮತ್ತು ತ್ರೀ ಲೈನ್ ಬ್ರೇಕ್ ಎಂಬ ಎರಡು ಚಾರ್ಟ್‌ಗಳಿವೆ. ಸ್ಟೀವ್ ನಿಸನ್ 1994ರ ‘ಬಿಯಾಂಡ್ ಕ್ಯಾಂಡಲ್‌ಸ್ಟಿಕ್ಸ್’ ಪುಸ್ತಕದಲ್ಲಿ ಇವೆರಡನ್ನೂ ಇಂಗ್ಲಿಷ್ ಓದುಗರಿಗೆ ವಿವರಿಸಿದರು. ಎರಡಕ್ಕೂ ತಾರೀಖಿನ ಹಂಗಿಲ್ಲ. ಬೆಲೆ ಸಾಕಷ್ಟು ಕದಲದ ದಿನ ಕಾಗದದ ಮೇಲೆ ಏನೂ ಬೀಳುವುದಿಲ್ಲ.

ಲೆಕ್ಕ ಸುಲಭವಾಗಲೆಂದು ನಾನೇ ಕಲ್ಪಿಸಿಕೊಂಡ ದರಗಳು, ದಿನಕ್ಕೊಂದು, ಸಂಜೆಯವು ಮಾತ್ರ: 6000, 6040, 6020, 6090, 6060, 6130, 6100, 6080, 6030, 6070, 6100, 6140, 6050, 6010.

ಮೊದಲು ಕಾಗಿ. ಇಲ್ಲಿ ತಿರುವಿನ ಅಳತೆಯನ್ನು ನಾವೇ ಮೊದಲು ಗೊತ್ತುಮಾಡಬೇಕು. 60 ರೂಪಾಯಿ ಎಂದಿಟ್ಟುಕೊಳ್ಳೋಣ. ಗೆರೆ ಮೇಲೇರುತ್ತಿದ್ದರೆ, ಅದು ಮುಟ್ಟಿದ ತುತ್ತತುದಿಯಿಂದ 60 ಅಥವಾ ಹೆಚ್ಚು ಇಳಿದಾಗ ಮಾತ್ರ ಪಕ್ಕಕ್ಕೆ ಸರಿದು ಕೆಳಮುಖ ಗೆರೆ ಎಳೆಯುವುದು. 6130ರ ನಂತರ 6100 ಬಂತು, 6080 ಬಂತು. ಇಳಿದದ್ದು 50 ಮಾತ್ರ, ಗೆರೆ ಅಲ್ಲಾಡಲಿಲ್ಲ. 6030ಕ್ಕೆ ಬಂದಾಗ ತಿರುಗಿತು. 6070 ಸಾಲಲಿಲ್ಲ, 6100ಕ್ಕೆ ಮತ್ತೆ ಮೇಲೆ ತಿರುಗಿತು. 6140ರ ತನಕ ಏರಿ, 6050ಕ್ಕೆ ಮತ್ತೆ ಕೆಳಗೆ. ಹದಿನಾಲ್ಕು ದರಗಳಿಗೆ ನಾಲ್ಕು ಉದ್ದ ಗೆರೆ, ಮೂರು ತಿರುವು.

ನನ್ನನ್ನು ಬಹಳ ಹೊತ್ತು ಗೊಂದಲಕ್ಕೆ ಹಾಕಿದ್ದು ಗೆರೆಯ ದಪ್ಪ. ಗೆರೆ ತಿರುಗಿದ ಕೂಡಲೇ ದಪ್ಪ ಬದಲಾಗುವುದಿಲ್ಲ. ಹಿಂದಿನ ಮೇಲಿನ ತಿರುವನ್ನು ಭುಜ ಎನ್ನುತ್ತಾರೆ, ಕೆಳಗಿನದನ್ನು ಸೊಂಟ. ಬೆಲೆ ಭುಜ ದಾಟಿದರೆ ಗೆರೆ ದಪ್ಪವಾಗುತ್ತದೆ, ಸೊಂಟ ಮುರಿದು ಇಳಿದರೆ ತೆಳುವಾಗುತ್ತದೆ. ನಮ್ಮ ಸರಣಿಯಲ್ಲಿ 6050ಕ್ಕೆ ದಿಕ್ಕು ತಿರುಗಿದರೂ ಗೆರೆ ದಪ್ಪವಾಗಿಯೇ ಇತ್ತು. ಮರುದಿನ 6010ಕ್ಕೆ ಇಳಿಯುವಾಗ 6030ರ ಸೊಂಟ ಮುರಿಯಿತು; ಅದೇ ಗೆರೆ 6030ರಿಂದ ಕೆಳಗೆ ತೆಳುವಾಯಿತು. ಅಂದರೆ ಕಾಗಿಯಲ್ಲಿ ತಿರುವು ಎರಡು ಬಗೆ: ಒಂದು ದಿಕ್ಕಿನದು, ಇನ್ನೊಂದು ದಪ್ಪದ್ದು. ವ್ಯವಹಾರದ ಸೂಚನೆ ಎಂದು ಸಾಮಾನ್ಯವಾಗಿ ಗಮನಿಸುವುದು ಈ ಎರಡನೆಯದನ್ನು.

ಇನ್ನು 60 ಎಂಬುದು 6000ಕ್ಕೆ ಶೇ. 1, ದರ 9000 ಆದಾಗ ಅದೇ 60 ಶೇ. 0.67ಕ್ಕೆ ಇಳಿದು, ಸುಮ್ಮನೆ ಬೇಗಬೇಗ ತಿರುಗಿಸುತ್ತದೆ. ವರ್ಷಗಟ್ಟಲೆ ಬೆಲೆ ಏರುವ ಸರಕಿಗೆ ಶೇಕಡಾ ಲೆಕ್ಕವೇ ಸರಿ ಅನ್ನಿಸುತ್ತದೆ.

ತ್ರೀ ಲೈನ್ ಬ್ರೇಕ್‌ನಲ್ಲಿ ರೂಪಾಯಿಯ ಅಳತೆ ಇಲ್ಲವೇ ಇಲ್ಲ. ಹೊಸ ಎತ್ತರ ಕಂಡಾಗಲೆಲ್ಲ ಒಂದು ಬಿಳಿ ಪಟ್ಟಿ. ಸತತ ಮೂರು ಬಿಳಿ ಪಟ್ಟಿ ಬಿದ್ದಮೇಲೆ, ಆ ಮೂರರ ಅತಿ ಕೆಳಗಿನ ಬುಡ ಮುರಿದರೆ ಮಾತ್ರ ಕಪ್ಪು ಪಟ್ಟಿ. ನಮ್ಮ ಸರಣಿಯಲ್ಲಿ 6000–6040, 6040–6090, 6090–6130 ಎಂದು ಮೂರು ಬಿಳಿ ಬಿದ್ದವು. ಕಾಗಿಯನ್ನು ತಿರುಗಿಸಿದ 6030 ಇಲ್ಲಿ ಏನೂ ಮಾಡಲಿಲ್ಲ. 6000ದ ಕೆಳಗೆ ಹೋಗಬೇಕಿತ್ತು.

ಆಮೇಲೆ 6140 ಬಂತು. ಹಿಂದಿನ ತುದಿಗಿಂತ ಬರೀ ಹತ್ತು ರೂಪಾಯಿ ಹೆಚ್ಚು, ಆದರೂ ಅದು ನಾಲ್ಕನೇ ಬಿಳಿ ಪಟ್ಟಿ. ಈಗ ಎಣಿಸಬೇಕಾದ ಮೂರರಲ್ಲಿ ಮೊದಲನೆಯ ಪಟ್ಟಿ ಬಿಟ್ಟುಹೋಗಿ, ಮುರಿಯಬೇಕಾದ ಬುಡ 6000ದಿಂದ 6040ಕ್ಕೆ ಜಿಗಿಯಿತು. 6010 ಅದನ್ನು ಮುರಿಯಿತು. ಮೇಲಿನ ಬಿಳಿ ಪಟ್ಟಿಯ ಬುಡವಾದ 6130ರಿಂದ 6010ರ ತನಕ ಒಂದೇ ಉದ್ದನೆಯ ಕಪ್ಪು ಪಟ್ಟಿ. ಆ ಹತ್ತು ರೂಪಾಯಿಯ ಏರಿಕೆ ಇಲ್ಲದಿದ್ದರೆ 6010ಕ್ಕೂ ತಿರುವು ಇರುತ್ತಿರಲಿಲ್ಲ. ಗದ್ದಲ ಸೋಸುವ ಚಾರ್ಟ್‌ನಲ್ಲಿ ಇಷ್ಟು ಸಣ್ಣ ಅಲುಗಾಟ ಇಷ್ಟು ದೊಡ್ಡ ತೀರ್ಮಾನ ಮಾಡುವುದು ನನಗೆ ಇನ್ನೂ ಜೀರ್ಣವಾಗಿಲ್ಲ. ಮೇಲಾಗಿ, ತಿರುವು ಕಾಣುವ ಹೊತ್ತಿಗೆ ಬೆಲೆ ತುದಿಯಿಂದ 130 ರೂಪಾಯಿ ಇಳಿದಾಗಿತ್ತು.

ಇನ್ನೊಂದು ಸಂಶಯ. ಒಂದೇ ಕಪ್ಪು ಪಟ್ಟಿ ಬಿದ್ದಿರುವಾಗ ಮತ್ತೆ ಬಿಳಿ ಬೀಳಲು ಏನು ಬೇಕು? ಒಂದೇ ಬಣ್ಣದ ಮೂರು ಪಟ್ಟಿ ಆಗುವ ತನಕ ಮೂರರ ನಿಯಮ ಬೇಡ ಎಂದರೆ, ಈ ಕಪ್ಪು ಪಟ್ಟಿಯ ತಲೆ 6130 ದಾಟಿದರೆ ಸಾಕು. ಬಣ್ಣ ನೋಡದೆ ಕೊನೆಯ ಮೂರು ಪಟ್ಟಿ ಹಿಡಿದರೆ 6140 ದಾಟಬೇಕು. ಯಾವುದೇ ಸಾಫ್ಟ್‌ವೇರ್ ಬಳಸುವ ಮುಂಚೆ ಈ ದರಗಳ ಕೊನೆಗೆ 6135 ಸೇರಿಸಿ ನೋಡಬೇಕು. ಬಿಳಿ ಪಟ್ಟಿ ಬಿದ್ದರೆ ಅದು ಮೊದಲ ನಿಯಮದ್ದು, ಬೀಳದಿದ್ದರೆ ಎರಡನೆಯದು.